ಸಣ್ಣ ದೊಡ್ಡಮ್ಮ

ಉಗುರಿನಿಂದ ಚೀಟಿಯ ಒಂದು ಮೂಲೆ ಎಬ್ಬಿಸಬೇಕು. ಎದ್ದ ಮೇಲೆ ಅವಸರ ಮಾಡಬಾರದು. ಎಳೆದರೆ ಮೇಲಿನ ಕಾಗದ ಮಾತ್ರ ಬರುತ್ತದೆ, ಅಂಟು ಅಲ್ಲೇ ಉಳಿಯುತ್ತದೆ. ಉಳಿದ ಅಂಟಿಗೆ ಹತ್ತಿಯಲ್ಲಿ ಎಣ್ಣೆ ಮುಟ್ಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಉಜ್ಜಬೇಕು. ಹೀಗೆ ಮಹಡಿಯ ಕಂಪ್ಯೂಟರುಗಳನ್ನೆಲ್ಲ ಬಗ್ಗಿ ಬಗ್ಗಿ ನೋಡುತ್ತ ಹೋದೆ. ಕೆಲವರು ಚೀಟಿಯನ್ನು ಕೀಬೋರ್ಡಿನ ತಳಕ್ಕೆ ಅಂಟಿಸಿದ್ದರು, ಕೆಲವರು ಮೇಜಿನ ಖಾನೆಯ ಒಳಬದಿಗೆ. ಲೆಕ್ಕಪತ್ರದವರು ಯಾವ ಸಂಕೋಚವೂ ಇಲ್ಲದೆ ಪರದೆಯ ಹಣೆಗೇ ಅಂಟಿಸಿದ್ದರು. ಎಲ್ಲದರ ಮೇಲೂ ಒಂದೇ ಪದ, ಅದರ ಹಿಂದೆ ಒಂದೇ ಅಂಕಿ. ಏನು ಮಾಡುತ್ತಿದ್ದೀಯ ಎಂದು ಯಾರೂ ಕೇಳಲಿಲ್ಲ. ನೆಲ ಒರೆಸುವವಳಿಗೆ ಜಾಗ ಬಿಡುವ ಹಾಗೆ ಕುರ್ಚಿ ಸರಿಸಿ, ಕಾಲೆತ್ತಿ ಜಾಗ ಬಿಟ್ಟರು.

ನಮ್ಮದು ಸರಕು ಸಾಗಿಸುವ ಕಂಪನಿ. ದೊಡ್ಡ ಕಚೇರಿ ಒಂದು, ದೂರ ದೂರ ಹರಡಿಕೊಂಡ ಡಿಪೋಗಳು ಹಲವು. ಡಿಪೋಗಳಲ್ಲಿ ಕಂಪ್ಯೂಟರ್ ಕೆಟ್ಟರೆ ಅಲ್ಲಿನವರು ಹೆಲ್ಪ್‌ಡೆಸ್ಕಿಗೆ ಫೋನ್ ಮಾಡುತ್ತಾರೆ. ಹೆಲ್ಪ್‌ಡೆಸ್ಕ್ ಎಂದರೆ ನಾನು ಮತ್ತು ಪಕ್ಕದ ಕುರ್ಚಿಯ ರೇಡಿಯೋ. ಅವನ ಬಾಯಿ ನಿಲ್ಲುವುದಿಲ್ಲವೆಂದು ಆ ಹೆಸರು. ಫೋನಿನಲ್ಲಿ ಸರಿಹೋಗದಿದ್ದರೆ ಡಿಪೋಗಳನ್ನು ಸುತ್ತುವ ಮೆಕ್ಯಾನಿಕ್ ಹೋಗಿ ಸರಿಮಾಡುತ್ತಾರೆ. ಆ ಮೆಕ್ಯಾನಿಕ್ ನನ್ನ ಭಾವ, ಅಕ್ಕನ ಗಂಡ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳಿಗೆ ಈ ಕುರ್ಚಿ ಸಿಕ್ಕಿದ್ದೂ ಅವರಿಂದಲೇ. "ಹುಡುಗಿ ಮಾತು ಕಮ್ಮಿ, ಕಣ್ಣು ಚುರುಕು" ಎಂದು ಹೇಳಿ ಸೇರಿಸಿದ್ದರು. ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಮಾತು ಕಮ್ಮಿ ಇರುವವಳನ್ನು ಸೇರಿಸಿದ್ದಾನಲ್ಲ ಎಂದು ಅಕ್ಕ ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನನ್ನನ್ನು ಅವಳು ಕರೆಯುತ್ತಿದ್ದುದೇ ಮೂಗಿ ಎಂದು.

ಅಕ್ಕ ಹೋಗಿ ಒಂದು ವರ್ಷವಾಯಿತು. ಜ್ವರ ಏರಿದ ದಿನ ಭಾವ ಡಿಪೋ ಸುತ್ತುತ್ತಿದ್ದರು. ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮ ಅದನ್ನು ಮರೆಯಲಿಲ್ಲ. ಅವರ ಹೆಸರೆತ್ತಿದರೆ, "ಮಗಳೇ ಇಲ್ಲದ ಮೇಲೆ ಅಳಿಯ ಎಲ್ಲಿಯವನು" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಭಾವ ಮನೆಗೆ ಬರುವುದನ್ನು ಬಿಟ್ಟರು. ಡಿಪೋಗಳಿಗೆ ಹತ್ತಿರವೆಂದು ಎಲ್ಲೋ ಒಂದು ಕೋಣೆ ಹಿಡಿದರಂತೆ. ಕಚೇರಿಗೂ ಬರುತ್ತಿರಲಿಲ್ಲ. ಅವರು ನನಗೆ ಫೋನ್ ಮಾಡಲು ಕಾರಣವಿರಲಿಲ್ಲ. ನಾನು ಮಾಡಬಹುದಿತ್ತು, ಏನೆಂದು ಮಾಡಲಿ? ನಮ್ಮಿಬ್ಬರ ನಡುವೆ ಮಾತಾಡುತ್ತಿದ್ದವಳು ಅಕ್ಕ. ನಾವಿಬ್ಬರೂ ಕೇಳುವವರು.

ಕಾರಣ ಕೊಟ್ಟದ್ದು ಬೀಗದಮ್ಮ.

ಬೀಗದಮ್ಮ ಎಂದರೆ ಸರ್ವರ್ ನೋಡಿಕೊಳ್ಳುವ ಮೇಡಂ. ನಡುವಯಸ್ಸಿನವರು, ನಗುವುದು ಅಪರೂಪ. ಆವರೆಗೆ ಎಲ್ಲ ಕಂಪ್ಯೂಟರುಗಳ ಅಡ್ಮಿನಿಸ್ಟ್ರೇಟರ್ ಖಾತೆಗೂ, ಅಂದರೆ ರಿಪೇರಿಗೆ ಒಳಹೋಗುವ ಬಾಗಿಲಿಗೂ, ಒಂದೇ ಪಾಸ್‌ವರ್ಡ್ ಇತ್ತು. ನಾನು ಕಿತ್ತ ಚೀಟಿಗಳ ಮೇಲಿದ್ದದ್ದು ಅದೇ. "ಒಂದು ಬೀಗದ ಕೈ ಕಳ್ಳನಿಗೆ ಸಿಕ್ಕರೆ ಬೀದಿಯ ಎಲ್ಲ ಮನೆಯೂ ಅವನದೇ" ಎಂದರು ಅವರು. ಇನ್ನು ಮೇಲೆ ಪ್ರತಿ ಕಂಪ್ಯೂಟರೂ ತನ್ನ ಪಾಸ್‌ವರ್ಡನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅಕ್ಷರ, ಅಂಕಿ, ಚಿಹ್ನೆ ಕಲಸಿದ, ಅರ್ಥವಿಲ್ಲದ ಒಂದು ಸಾಲು. ಅದನ್ನು ಡೈರೆಕ್ಟರಿಯಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳ ಹೆಸರಿರುವ ನಡುಮನೆಯ ಸರ್ವರಿನಲ್ಲಿ, ತನ್ನ ಹೆಸರಿನಡಿ ಬರೆದಿಡುತ್ತದೆ. ತಿಂಗಳಿಗೊಮ್ಮೆ ಬದಲಿಸುತ್ತದೆ. ನಡುವೆ ಯಾರಾದರೂ ಅದನ್ನು ಬಳಸಿ ಒಳಹೋದರೆ, ಕೆಲವು ಗಂಟೆಗಳಲ್ಲಿ ಅವರನ್ನು ಹೊರಗೆ ಹಾಕಿ ಮತ್ತೊಂದನ್ನು ಹುಟ್ಟಿಸಿಕೊಳ್ಳುತ್ತದೆ.

"ಎಂಜಲು ಪಾಸ್‌ವರ್ಡ್ ಮುಟ್ಟಲ್ಲ ಅನ್ನಿ" ಎಂದ ರೇಡಿಯೋ.

ಬೀಗದಮ್ಮ ನಗಲಿಲ್ಲ. "ಓದೋ ಹಕ್ಕು ಹೆಲ್ಪ್‌ಡೆಸ್ಕಿಗೆ ಮಾತ್ರ. ಯಾರೇ ಕೇಳಿದ್ರೂ ಮೊದಲು ಟಿಕೆಟ್, ಯಾರು ಯಾಕೆ ಕೇಳಿದ್ರು ಅಂತ ದಾಖಲೆ. ಆಮೇಲೆ ಫೋನ್ ಇಟ್ಟು, ನಮ್ಮಲ್ಲಿರೋ ಅವರ ನಂಬರಿಗೆ ನೀವೇ ವಾಪಸ್ ಮಾಡಬೇಕು. ದನಿ ಗುರುತು ಸಿಕ್ತು ಅಂತ ಓದಿಬಿಡಬಾರದು. ದನಿಯನ್ನ ಯಾರು ಬೇಕಾದ್ರೂ ಅನುಕರಿಸಬಹುದು." ಹೇಳುತ್ತ ರೇಡಿಯೋ ಕಡೆಗೆ ನೋಡಿದರು. ಅವನು ಅವರ ದನಿಯನ್ನು ಚೆನ್ನಾಗಿ ಅನುಕರಿಸುತ್ತಿದ್ದ.

ಮೊದಲು ನಮ್ಮ ಮಹಡಿ, ಆಮೇಲೆ ಡಿಪೋಗಳು. ಒಂದೆರಡು ಡಿಪೋಗಳಲ್ಲಿ ಸಂಪರ್ಕ ಕಡಿದುಹೋಗಿತ್ತು; ಸರ್ವರನ್ನು ಮುಟ್ಟಲಾಗದ ಕಂಪ್ಯೂಟರ್ ತನ್ನ ಪಾಸ್‌ವರ್ಡನ್ನು ಬದಲಿಸುವುದೂ ಇಲ್ಲ. ಡೈರೆಕ್ಟರಿಯಲ್ಲಿ ಅವುಗಳ ಜಾಗ ಖಾಲಿಯಿತ್ತು. ಉಳಿದವು ಒಂದೊಂದಾಗಿ ತುಂಬಿಕೊಂಡವು.

ಅದಾದ ವಾರವೇ ಫೋನ್ ಬಂತು.

"ಉಪ್ಪಿನ ಡಿಪೋದಿಂದ. ತೂಕದ ಕಂಪ್ಯೂಟರಿಗೆ ಪಾಸ್‌ವರ್ಡ್ ಬೇಕಿತ್ತು."

ಒಂದು ವರ್ಷದ ಮೇಲೆ ಆ ದನಿ. ನಾನು "ಭಾವ" ಎನ್ನಲಿಲ್ಲ. "ವಾಪಸ್ ಮಾಡ್ತೀನಿ" ಎಂದು ಇಟ್ಟೆ. ಟಿಕೆಟ್ ಬರೆದು, ಅವರ ನಂಬರ್ ತೆಗೆದು, ಒತ್ತಿದೆ. ಮೊದಲ ಗಂಟೆ ಮುಗಿಯುವ ಮೊದಲೇ ಎತ್ತಿಕೊಂಡರು.

"ನೌಕರಿ ನಂಬರ್ ಹೇಳಿ."

ಹೇಳಿದರು.

"ಬರ್ಕೊಳ್ಳಿ. ಇಲ್ಲ, ಬರ್ಕೋಬೇಡಿ. ಬರೆಯೋ ಹಾಗಿಲ್ಲ. ನೇರ ಟೈಪ್ ಮಾಡಿ."

"ಸರಿ."

ಪರದೆಯಲ್ಲಿ ಆ ಕಂಪ್ಯೂಟರಿನ ಪುಟ ತೆರೆದು, ಪಾಸ್‌ವರ್ಡ್ ತೋರಿಸು ಎಂಬುದನ್ನು ಒತ್ತಿದೆ. ಚುಕ್ಕೆಗಳು ಅಕ್ಷರಗಳಾದವು. ಸಿ, ಡಿ, ಬಿ, ಪಿ, ಟಿ. ಫೋನಿನಲ್ಲಿ ಎಲ್ಲವೂ ಒಂದೇ ಹಾಗೆ ಕೇಳುತ್ತವೆ. ಅದಕ್ಕೆಂದು ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿದ್ದರು, ಒಂದೊಂದು ಅಕ್ಷರಕ್ಕೆ ಒಂದೊಂದು ಇಂಗ್ಲಿಷ್ ಪದ. ಆ ಪದಗಳಲ್ಲಿ ಅರ್ಧಕ್ಕರ್ಧ ನನ್ನ ನಾಲಿಗೆಗೆ ಹೊರಳುವುದಿಲ್ಲ. ಭಾವನ ಮುಂದೆ ಹೊರಳಿಸಲು ಇನ್ನೂ ನಾಚಿಕೆ. ಬಾಯಿಗೆ ಬಂದದ್ದನ್ನು ಹೇಳಿದೆ.

"ದೊಡ್ಡ ಸಿ. ಚಿಕ್ಕಪ್ಪ."

"ಏನು?"

"ಚಿಕ್ಕಪ್ಪನ ಸಿ. ದೊಡ್ಡದು. ಆಮೇಲೆ ಏಳು. ಆಮೇಲೆ ಸಣ್ಣ ಡಿ, ದೊಡ್ಡಮ್ಮ. ಆಮೇಲೆ ಸಣ್ಣ ಹೆಂಡತಿ."

"ದೊಡ್ಡ ಚಿಕ್ಕಪ್ಪ, ಏಳು, ಸಣ್ಣ ದೊಡ್ಡಮ್ಮ" ಎಂದರು ಭಾವ. ಕೀಲಿಗಳ ಸದ್ದು ಕೇಳಿತು. "ಸಣ್ಣ ಹೆಂಡತಿ ಎಚ್ಚಾ?"

"ಹೂಂ, ಎಚ್. ಆಮೇಲೆ ಜಾಲರಿ ಚಿಹ್ನೆ, ಹ್ಯಾಶ್. ಆಮೇಲೆ..."

ಮುಂದಿನದು ಎ. ಎ ಎಂದರೆ ಅಕ್ಕ. ಬೇರೆ ಪದ ಹುಡುಕಿದೆ. ಅಜ್ಜಿ ಇದ್ದಳು, ಅತ್ತೆ ಇದ್ದಳು. ಆ ಹೊತ್ತಿಗೆ ಒಬ್ಬರೂ ನೆನಪಾಗಲಿಲ್ಲ.

"ಆಮೇಲೆ?" ಎಂದರು.

"ಅಕ್ಕ."

ಆ ಕಡೆ ಲಾರಿಯೊಂದು ಹಿಂದಕ್ಕೆ ಬರುವ ಸದ್ದು. ಆಮೇಲೆ ಅವರು, "ದೊಡ್ಡದಾ ಸಣ್ಣದಾ" ಎಂದು ಕೇಳಿದರು.

"ದೊಡ್ಡ ಅಕ್ಕ."

"ಹೂಂ. ದೊಡ್ಡ ಅಕ್ಕ. ಮುಂದೆ ಹೇಳು."

ಮೊದಲ ಸಲ ತಪ್ಪಾಯಿತು. ದೊಡ್ಡ ಚಿಕ್ಕಪ್ಪ ಎಂದದ್ದಕ್ಕೆ ಅವರು ಡಿ ಒತ್ತಿದ್ದರು. ಎರಡನೇ ಸಲ ಸಣ್ಣ ದೊಡ್ಡಮ್ಮನನ್ನು ದೊಡ್ಡದು ಮಾಡಿದರು. ಮೂರನೇ ಸಲಕ್ಕೆ ಬಾಗಿಲು ತೆರೆಯಿತು. ಅವರು ನಕ್ಕರು. ಆ ನಗುವನ್ನು ನಾನು ಮರೆತೇಬಿಟ್ಟಿದ್ದೆ. ಮೂಗಿನಲ್ಲಿ ಶುರುವಾಗಿ ಅಲ್ಲೇ ಮುಗಿಯುವ ನಗು.

"ನೆಂಟರೆಲ್ಲ ಸೇರಿದ ಮೇಲೆ ಜಗಳ ಆಗದೆ ಇರುತ್ತಾ" ಎಂದು ಹೇಳಿ ಫೋನ್ ಇಟ್ಟರು.

ರೇಡಿಯೋ ಹೆಡ್‌ಫೋನ್ ತೆಗೆದು ನನ್ನನ್ನೇ ನೋಡುತ್ತಿದ್ದ. "ಸಣ್ಣ ಹೆಂಡತಿ, ದೊಡ್ಡ ಅಕ್ಕ. ಏನಮ್ಮ, ಇದು ಪಾಸ್‌ವರ್ಡಾ, ಆಸ್ತಿ ಪಾಲಾ?"

ಆ ದಿನ ಮನೆಗೆ ಹೋದಾಗ ಅಮ್ಮ ಬಾಗಿಲ ಬಳಿ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದಳು. ನಾನೂ ಕೂತು ಮಡಿಸಿದೆ. ಭಾವ ನಕ್ಕರು ಎಂದು ಹೇಳಬೇಕೆನಿಸಿತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. "ಏನೇ, ಬಾಯಲ್ಲಿ ಏನಿಟ್ಟುಕೊಂಡಿದೀಯಾ" ಎಂದಳು ಅಮ್ಮ. "ಏನಿಲ್ಲ" ಎಂದೆ.

ಮತ್ತೆ ಫೋನ್ ಬಂತು, ನದಿ ಪಕ್ಕದ ಡಿಪೋದಿಂದ. ಆಮೇಲೆ ಟಯರ್ ಡಿಪೋದಿಂದ. ಆಮೇಲೆ ಪುನಃ ಉಪ್ಪಿನ ಡಿಪೋದಿಂದ. ಪ್ರತಿ ಸಲವೂ ಟಿಕೆಟ್ ಬರೆದೆ, ಪ್ರತಿ ಸಲವೂ ವಾಪಸ್ ಮಾಡಿದೆ. ಅಕ್ಷರಗಳ ನೆಂಟರು ಹೆಚ್ಚಾದರು. ಎಮ್ ಎಂದರೆ ಮಾವ, ಎನ್ ಎಂದರೆ ನಾದಿನಿ, ಓ ಎಂದರೆ ಓರಗಿತ್ತಿ, ಬಿ ಬಂದರೆ ಭಾವ. "ನಾನು ಸಣ್ಣವನಾ ದೊಡ್ಡವನಾ?" ಎಂದು ಕೇಳುತ್ತಿದ್ದರು. ಎಲ್‌ಗೆ ನೆಂಟರು ಸಿಗದೆ ಲಾರಿ ಎಂದೆವು. "ಪಾಪ, ಲಾರಿಗೆ ಯಾರೂ ಇಲ್ಲ" ಎಂದರು ಒಮ್ಮೆ. ಪಾಸ್‌ವರ್ಡ್ ಮುಗಿದ ಮೇಲೂ ಫೋನ್ ಕೂಡಲೇ ಇಡುತ್ತಿರಲಿಲ್ಲ. "ಊಟ ಆಯ್ತಾ" ಎಂದು ಕೇಳುತ್ತಿದ್ದರು. "ಆಯ್ತು" ಎನ್ನುತ್ತಿದ್ದೆ. "ಅಮ್ಮ?" ಎನ್ನುತ್ತಿದ್ದರು. "ಇದಾರೆ." ಅಷ್ಟೇ ಮಾತು. ಅಷ್ಟಕ್ಕೇ ನಾನು ಬೆಳಗಿನಿಂದ ಕಾಯುತ್ತಿದ್ದೆ. ಗಂಟೆ ರೇಡಿಯೋನ ಫೋನಿನಲ್ಲಿ ಹೊಡೆದರೆ, ಅವನು ಎತ್ತಿ ಮಾತಾಡುವವರೆಗೂ ಅವನ ಕಡೆಗೇ ನೋಡುತ್ತಿದ್ದೆ.

ಒಂದು ದಿನ ಉಪ್ಪಿನ ಡಿಪೋದ ತೂಕದ ಕಂಪ್ಯೂಟರಿನ ಪಾಸ್‌ವರ್ಡ್ ಓದುತ್ತಿದ್ದೆ. ಸಣ್ಣ ನಾದಿನಿ, ಮೂರು, ನಕ್ಷತ್ರ, ಸಣ್ಣ ಮಾವ, ದೊಡ್ಡ ಭಾವ. ಓದುತ್ತ ಓದುತ್ತ ನಾಲಿಗೆ ಮುಂದೆ ಓಡಿತು; ಕಣ್ಣು ತಲುಪುವ ಮೊದಲೇ ಮುಂದಿನ ಅಕ್ಷರ ನನಗೆ ಗೊತ್ತಿತ್ತು. ಬರಿಯ ಅಕ್ಷರಗಳಾಗಿದ್ದರೆ ನೆನಪಿರುತ್ತಿರಲಿಲ್ಲ. ಗುಂಪು ಫೋಟೋದಲ್ಲಿ ಯಾರ ಪಕ್ಕ ಯಾರು ನಿಂತಿದ್ದರೆಂದು ನೆನಪಿರುತ್ತದಲ್ಲ, ಹಾಗೆ ನೆನಪಿತ್ತು. ಇದೇ ನೆಂಟರನ್ನು ಇದೇ ಸಾಲಿನಲ್ಲಿ ಹಿಂದಿನ ವಾರವೂ ಕರೆದಿದ್ದೆ.

ಫೋನ್ ಇಟ್ಟ ಮೇಲೆ ಆ ಪುಟವನ್ನು ಮತ್ತೆ ತೆರೆದೆ. ಪಾಸ್‌ವರ್ಡಿನ ಮೇಲೆ ಅದು ಮುಗಿಯುವ ತಾರೀಖು ಇರುತ್ತದೆ. ಬಳಸಿದ್ದರೆ ಕಂಪ್ಯೂಟರ್ ಅದೇ ದಿನ ಹೊಸದನ್ನು ಹುಟ್ಟಿಸಿಕೊಂಡು ತಾರೀಖು ಮುಂದೆ ಹೋಗಿರಬೇಕಿತ್ತು. ಹೋಗಿರಲಿಲ್ಲ. ಸಂಪರ್ಕ ಕಡಿದಿರಬಹುದು ಎಂದುಕೊಂಡೆ. ಆದರೆ ಹಿಂದಿನ ದಿನವಷ್ಟೇ ಆ ಡಿಪೋದ ಗುಮಾಸ್ತರಿಗೆ ನಾನು ಇಲ್ಲಿಂದಲೇ ಅದೇ ಕಂಪ್ಯೂಟರಿಗೆ ಸೇರಿ ಪ್ರಿಂಟರ್ ಸರಿಮಾಡಿಕೊಟ್ಟಿದ್ದೆ. ಸಂಪರ್ಕ ಗಟ್ಟಿಯಾಗಿತ್ತು. ಟಯರ್ ಡಿಪೋದ್ದನ್ನು ತೆರೆದೆ, ನದಿ ಪಕ್ಕದ್ದನ್ನು ತೆರೆದೆ. ಒಂದೂ ಬದಲಾಗಿರಲಿಲ್ಲ.

ನಾನು ಓದಿದ್ದೆ. ಅವರು "ಹೂಂ, ಮುಂದೆ" ಎನ್ನುತ್ತ ಕೀಲಿ ಒತ್ತಿದ್ದರು. ಎಲ್ಲಿ ಒತ್ತಿದರೋ. ಮೊದಲ ದಿನ ಬಿಟ್ಟರೆ ಒಳಗೆ ಮಾತ್ರ ಹೋಗಿರಲಿಲ್ಲ.

ಅವರಿಗೆ ಪಾಸ್‌ವರ್ಡ್ ಬೇಕಿರಲಿಲ್ಲ.

ಗೊತ್ತಾದ ಮೇಲೂ ಸುಮ್ಮನಿದ್ದೆ. ಮಾರನೆಯ ದಿನ ಗಂಟೆ ಹೊಡೆದಾಗ ಟಿಕೆಟ್ ಬರೆದೆ, ವಾಪಸ್ ಮಾಡಿದೆ, ಅದೇ ನೆಂಟರನ್ನು ಅದೇ ಸಾಲಿನಲ್ಲಿ ಕರೆದೆ. ಈ ಸಲ ನಿಧಾನವಾಗಿ ಕರೆದೆ. ಅವರಿಗೂ ಸಾಲು ಬಾಯಿಪಾಠವಾಗಿತ್ತು ಎಂದು ಕಾಣುತ್ತದೆ. ನಾನು "ದೊಡ್ಡ" ಎನ್ನುವಷ್ಟರಲ್ಲಿ "ಭಾವ" ಎಂದರು. ಆಮೇಲೆ ಇಬ್ಬರೂ ಏನೂ ಆಗದವರ ಹಾಗೆ ಮುಂದಿನ ಅಕ್ಷರಕ್ಕೆ ಹೋದೆವು.

ಬೀಗದಮ್ಮ ಕರೆದಾಗ ಊಟದ ಹೊತ್ತು. ಅವರ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಯಾರು ಯಾವ ಪಾಸ್‌ವರ್ಡ್ ಓದಿದ್ರು ಅಂತ ಸರ್ವರ್ ಬರ್ದಿಡುತ್ತೆ. ಗೊತ್ತಲ್ಲ?"

"ಗೊತ್ತು ಮೇಡಂ."

"ಇಷ್ಟೂ ನಿನ್ನ ಹೆಸರಲ್ಲಿ, ಎಲ್ಲ ಮೆಕ್ಯಾನಿಕ್ ಕೇಳಿದ್ದು. ಎಲ್ಲದಕ್ಕೂ ಟಿಕೆಟ್ ಇದೆ, ವಾಪಸ್ ಫೋನ್ ಮಾಡಿದೀಯ. ನಿನ್ನ ಕೆಲಸದಲ್ಲಿ ತಪ್ಪಿಲ್ಲ. ಆದ್ರೆ ಮೊದಲನೇದು ಬಿಟ್ರೆ ಬಳಕೆ ಇಲ್ಲ. ಒಂದೂ ಬದಲಾಗಿಲ್ಲ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೇಡದೆ ಇದ್ರೂ ಪಾಸ್‌ವರ್ಡ್ ಕೂಡಿಸ್ತಾ ಇರೋನು ಅಂದ್ರೆ ನಾನು ಏನು ತಿಳ್ಕೋಬೇಕು? ನಾಳೆ ಇದನ್ನ ಮೇಲಿನೋರ ಮುಂದೆ ಇಡಬೇಕು. ಇಟ್ರೆ ಅವರ ಕೆಲಸ ಹೋಗುತ್ತೆ."

ನಾನು ಅವರ ಕನ್ನಡಕ ನೋಡುತ್ತ ನಿಂತೆ. ಗೊತ್ತಿಲ್ಲ ಎಂದರೆ ಭಾವ ಕಳ್ಳರಾಗುತ್ತಾರೆ. ಗೊತ್ತು ಎಂದರೆ ಫೋನ್ ನಿಲ್ಲುತ್ತದೆ. ಇಷ್ಟನ್ನು ಅಳೆಯಲು ನನಗೆ ಹೊತ್ತು ಬೇಕಿತ್ತು. ಅವರು ಅವಸರ ಮಾಡಲಿಲ್ಲ.

"ಅವರು ನಮ್ಮ ಭಾವ" ಎಂದೆ. "ಅಕ್ಕನ ಗಂಡ. ಅಕ್ಕ ಇಲ್ಲ."

"ಅದು ಗೊತ್ತು. ಮಣ್ಣಿಗೆ ನಾನೂ ಬಂದಿದ್ದೆ."

ಬಂದಿದ್ದರೇನೋ. ಆ ದಿನದ ಮುಖಗಳು ನನಗೆ ನೆನಪಿಲ್ಲ.

"ಮನೆಗೆ ಬರಲ್ಲ ಅವರು. ಅಮ್ಮ ಮಾತಾಡಿಸಲ್ಲ. ನನಗೂ ಮಾತು ಬರಲ್ಲ, ಅವರಿಗೂ ಬರಲ್ಲ. ಪಾಸ್‌ವರ್ಡ್ ಆದ್ರೆ ಹೇಳ್ಲೇಬೇಕಲ್ಲ, ಮೇಡಂ. ಹೇಳೋಕೆ ಏನೋ ಇರುತ್ತೆ. ಅದಕ್ಕೆ ಮಾಡ್ತಾರೆ."

"ನಿನಗೆ ಇದು ಯಾವಾಗಿಂದ ಗೊತ್ತು?"

"ಸ್ವಲ್ಪ ದಿನ ಆಯ್ತು."

"ಗೊತ್ತಿದ್ದೂ ಓದಿದೆ."

"ಓದಿದೆ."

ಅವರು ಕನ್ನಡಕ ಹಾಕಿಕೊಂಡರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಸುಲಭವಾಗುತ್ತಿತ್ತು. ಆ ಕಂಪ್ಯೂಟರುಗಳನ್ನು ಒಂದೊಂದಾಗಿ ತೆರೆದು, ಪಾಸ್‌ವರ್ಡಿನ ಅವಧಿ ಈಗಲೇ ಮುಗಿಯಲಿ ಎಂದು ಒತ್ತುತ್ತ ಹೋದರು. ಸ್ವಲ್ಪ ಹೊತ್ತಿನಲ್ಲಿ ಆ ಡಿಪೋಗಳ ಯಂತ್ರಗಳು ಸರ್ವರನ್ನು ವಿಚಾರಿಸಿ, ಹೊಸ ಸಾಲು ಹುಟ್ಟಿಸಿಕೊಳ್ಳುತ್ತವೆ. ಸಣ್ಣ ನಾದಿನಿಯೂ ಇಲ್ಲ, ನಕ್ಷತ್ರವೂ ಇಲ್ಲ.

"ಮೇಲಿನೋರಿಗೆ ನಾನು ಹೇಳ್ಕೋತೀನಿ. ಪಾಸ್‌ವರ್ಡ್ ಹೊರಗೆ ಹೋಗಿಲ್ಲ, ಈಗ ಎಲ್ಲ ಬದಲಾಯ್ತು. ಆದ್ರೆ ಇನ್ನು ಮೇಲೆ ಸ್ವಂತದವರಿಗೆ ನೀನು ಓದೋ ಹಾಗಿಲ್ಲ. ಅವರ ಫೋನ್ ಎಲ್ಲ ರೇಡಿಯೋಗೆ. ಓದಿದ ಮೇಲೆ ಬಳಸದೆ ಬಿಟ್ರೆ ಅವತ್ತೇ ನಾನು ಕೇಳ್ತೀನಿ ಅಂತ ಅವರಿಗೆ ತಿಳಿಸಬೇಕು."

"ರೇಡಿಯೋ ತಿಳಿಸ್ತಾನೆ."

"ನೀನು ತಿಳಿಸು" ಎಂದರು. ಸ್ವಲ್ಪ ತಡೆದು, "ಬಾಗಿಲು ಹಾಕ್ಕೊಂಡು ಇಲ್ಲಿಂದಲೇ ಮಾಡು. ನಾನು ಊಟಕ್ಕೆ ಹೋಗ್ತೀನಿ" ಎಂದು ಡಬ್ಬಿ ತೆಗೆದುಕೊಂಡು ಹೊರಟರು.

ಅವರ ಫೋನಿನಿಂದ ನಂಬರ್ ಒತ್ತಿದೆ. ಗಂಟೆ ಹಲವು ಸಲ ಹೊಡೆಯಿತು. ಬೇರೆ ನಂಬರ್ ನೋಡಿ ಅನುಮಾನಿಸಿರಬೇಕು.

"ಹಲೋ?"

"ನಾನು."

"ಓ. ಹೇಳು." ದನಿ ಒಮ್ಮೆಗೇ ಹಗುರವಾಯಿತು. "ನಾನೇ ಮಾಡೋನಿದ್ದೆ. ಟಯರ್ ಡಿಪೋದಲ್ಲಿ ಒಂದು ಕಂಪ್ಯೂಟರ್..."

"ಭಾವ, ಅದು ಕೆಟ್ಟಿಲ್ಲ."

ಬೀಗದಮ್ಮ ಹೇಳಿದ್ದನ್ನು ಒಂದೊಂದಾಗಿ ಹೇಳುತ್ತ ಹೋದೆ.

"ಬಳಸಿದ್ರೆ ಪಾಸ್‌ವರ್ಡ್ ಬದಲಾಗುತ್ತೆ. ಬದಲಾಗಿಲ್ಲ ಅಂತ ಮೇಡಂಗೆ ಗೊತ್ತಾಗಿದೆ. ನಿಮ್ಮ ಕೆಲಸಕ್ಕೆ ಏನೂ ಆಗಲ್ಲ, ಅವರು ನೋಡ್ಕೋತಾರಂತೆ. ಎಲ್ಲ ಹೊಸದು ಮಾಡಿದಾರೆ. ಇನ್ನು ಮೇಲೆ ನಿಮ್ಮ ಫೋನ್ ರೇಡಿಯೋಗೆ ಹೋಗುತ್ತೆ. ನಾನು ಓದೋ ಹಾಗಿಲ್ಲ. ಓದಿಸ್ಕೊಂಡು ಬಳಸದೆ ಬಿಟ್ರೆ ಮೇಡಂ ಅವತ್ತೇ ಕೇಳ್ತಾರಂತೆ."

ಇಷ್ಟು ಉದ್ದ ಮಾತನ್ನು ನಾನು ಅವರೊಡನೆ ಆಡಿದ್ದು ಅದೇ ಮೊದಲು.

"ನಿನಗೆ ಬೈದ್ರಾ?" ಎಂದು ಕೇಳಿದರು.

"ಇಲ್ಲ."

"ನಾನು ಹಾಗೆ ಮಾಡಬಾರದಿತ್ತು. ನಿನ್ನ ಕೆಲಸಕ್ಕೆ ಕುತ್ತು ತಂದೆ."

"ಇಲ್ಲ ಭಾವ."

"ಸರಿ ಹಾಗಾದ್ರೆ" ಎಂದರು. ಇಡುವವರು ಹೇಳುವ ಸರಿ ಅದು. ಆದರೆ ಇಡಲಿಲ್ಲ. ಅವರ ಹಿಂದೆ ಯಾರೋ ಮೂಟೆ ಎಣಿಸುತ್ತಿದ್ದರು, ಯಾರೋ ಬಾಗಿಲು ಎಳೆದರು. ನನ್ನ ಮುಂದೆ ಓದಲು ಏನೂ ಇರಲಿಲ್ಲ. ಬೀಗದಮ್ಮನ ಪರದೆ ಕಪ್ಪಾಗಿತ್ತು, ಅದರಲ್ಲಿ ನನ್ನ ಮುಖ ಮಾತ್ರ. ಹೊರಗೆ ರೇಡಿಯೋ ಯಾರಿಗೋ ಜೋರಾಗಿ ಏನೋ ವಿವರಿಸುತ್ತಿದ್ದ, ಜನ ನಗುತ್ತಿದ್ದರು. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.

"ನನ್ನ ಸ್ವಂತ ಫೋನಿಗೆ ಮಾಡಿ, ಭಾವ" ಎಂದೆ. "ಸುಮ್ಮನೆ ಮಾಡಿ."

ಆ ಕಡೆ ಮೂಟೆ ಎಣಿಸುವ ದನಿ ಮುಂದುವರಿದಿತ್ತು; ಅವರು ಫೋನ್ ಇಟ್ಟಿರಲಿಲ್ಲ.